ನಿಂತ ಕೂದಲಿಗೆ ಗಾಳಿ: ಬಿಸಿಲಿಗೆ ಒಪ್ಪುವ ಹಾಗೆ ಎಳೆ ಬರೆಯುವುದು

ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಅದರಲ್ಲಿ ಹುಮಾಯೂನ್ ಷಾನ ಗೋರಿಯ ಗುಮ್ಮಟ ಅರ್ಧ ಬಿದ್ದುಹೋಗಿದೆ. ಉಳಿದರ್ಧ ಒಡೆದ ತೆಂಗಿನಕಾಯಿಯ ಹೋಳಿನ ಹಾಗೆ ನಿಂತಿದೆ. ಡಿಸೆಂಬರ್ ಸಂಜೆ ಐದರ ಹೊತ್ತಿಗೆ ಅದರ ಒಳಭಾಗ ಕತ್ತಲು, ಹೊರಗಡೆ ತಿಳಿ ಆಕಾಶ. ಮದುವೆಗೆ ಮುಂಚಿನ ಫೋಟೋ ಶೂಟ್‌ಗೆ ಇದಕ್ಕಿಂತ ಒಳ್ಳೆ ಹಿನ್ನೆಲೆ ಬೇಡ. ಅಲ್ಲೇ ಒಬ್ಬ ಹುಡುಗಿಯ ಸೊಂಟದವರೆಗಿನ ಫೋಟೋ ತೆಗೆದೆವು. ಬಿಚ್ಚು ಕೂದಲು, ಕೆಂಪು ದುಪಟ್ಟಾ, ಹೊಂಬಣ್ಣದ ಬಿಸಿಲು. ಗಾಳಿ ಮಾತ್ರ ಒಂಚೂರೂ ಇರಲಿಲ್ಲ.

ಎರಡು ದಿನ ಬಿಟ್ಟು ಆಕೆ ಅಂಗಡಿಗೆ ಬಂದು ನೋಡಿ ಹೇಳಿದ್ದು ಇಷ್ಟು: "ಎಲ್ಲಾ ಚಲೋ ಬಂದದ ಅಣ್ಣಾ. ಆದ್ರ ಕೂದ್ಲಾ ಅಂಟಿಸಿದಂಗ ಅದಾವ. ಸ್ವಲ್ಪ ಗಾಳಿಗಿ ಹಾರಂಗ ಮಾಡ್ರಿ."

ಆ ಒಂದು ಫೋಟೋಗೆ ನಾನು ಏನೇನು ಮಾಡಿದೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಫೋಟೋಶಾಪ್‌ನಲ್ಲಿ. ನಿಮ್ಮ ಹತ್ತಿರ ಪೆನ್ ಟ್ಯಾಬ್ಲೆಟ್ ಇಲ್ಲದಿದ್ದರೂ ಪರವಾಗಿಲ್ಲ, ಇದು ಮೌಸ್‌ನಲ್ಲೇ ಆಗುವ ದಾರಿ. ಲೇಯರ್, ಮಾಸ್ಕ್, ಪೆನ್ ಟೂಲ್ ಇವುಗಳ ಬಳಕೆ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಈ ಕೆಲಸ ಕಲಿಯುತ್ತಿದ್ದಾಗ ಒಂದು ಮದುವೆ ಆಲ್ಬಮ್‌ನಲ್ಲಿ ಮದುಮಗಳಿಗೆ ಹಾರುವ ಎಳೆ ಬರೆದಿದ್ದೆ. ಬಿಸಿಲು ಹಿಂದಿನಿಂದ ಬರುತ್ತಿದೆ ಅಂತ ಎಲ್ಲಾ ಎಳೆಗೂ ಬುಡದಿಂದ ತುದಿವರೆಗೆ ತಿಳಿ ಹಳದಿ ಹಚ್ಚಿದ್ದೆ. ಪರದೆಯ ಮೇಲೆ ಭಾರಿ ಚಂದ ಕಂಡಿತ್ತು. ಆಲ್ಬಮ್ ಬಿಚ್ಚಿದ ಹುಡುಗಿಯ ತಾಯಿ ಕೇಳಿದರು: "ಇದೇನ್ರೀ, ನಮ್ಮ ಹುಡುಗಿಗಿ ಬಿಳಿಕೂದ್ಲಾ ಯಾವಾಗ ಬಂದಾವ?" ಆ ಪುಟ ನನ್ನ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಆಯಿತು.

ತಪ್ಪು ಎಳೆಯ ಆಕಾರದಲ್ಲಿ ಇರಲಿಲ್ಲ, ಬೆಳಕಿನಲ್ಲಿ ಇತ್ತು. ಕೂದಲು ಎತ್ತ ಹಾರಬೇಕು ಅನ್ನೋದನ್ನು ಗಾಳಿ ಹೇಳುತ್ತದೆ. ಆ ಕೂದಲಿನ ಯಾವ ಭಾಗ ಹೊಳೆಯಬೇಕು ಅನ್ನೋದನ್ನು ಬಿಸಿಲು ಹೇಳುತ್ತದೆ. ಎರಡೂ ಬೇರೆ ಬೇರೆ ಬಾಣಗಳು. ಅದಕ್ಕೇ ನಾನೀಗ ಫೋಟೋ ತೆರೆದ ಕೂಡಲೇ ಮೇಲೊಂದು ಖಾಲಿ ಲೇಯರ್ ಹಾಕಿ, ಅದರಲ್ಲಿ ಹಳದಿ ಬಾಣ ಒಂದು, ನೀಲಿ ಬಾಣ ಒಂದು ಗೀಚಿಕೊಳ್ಳುತ್ತೇನೆ. ಹಳದಿ ಬಿಸಿಲಿಗೆ, ನೀಲಿ ಗಾಳಿಗೆ. ಕೆಲಸ ಮುಗಿಯೋವರೆಗೆ ಆ ಲೇಯರ್ ಅಳಿಸುವುದಿಲ್ಲ.

ಹಳದಿ ಬಾಣ: ಬಿಸಿಲು ಎಲ್ಲಿಂದ?

ಬೆಳಕಿನ ದಿಕ್ಕನ್ನು ಅಂದಾಜಿನಲ್ಲಿ ಬರೆಯಬೇಡಿ. ಮುಖದಲ್ಲೇ ಬರೆದಿರುತ್ತದೆ, ಓದಿಕೊಳ್ಳಿ. ಮೂಗಿನ ನೆರಳು ಯಾವ ಕೆನ್ನೆಗೆ ಬಿದ್ದಿದೆ? ಅದರ ಎದುರು ಕಡೆ ಬೆಳಕಿದೆ. ಗದ್ದದ ನೆರಳು ಕುತ್ತಿಗೆಯ ಮೇಲೆ ಕೆಳಕ್ಕೆ ಉದ್ದ ಬಿದ್ದಿದ್ದರೆ ಸೂರ್ಯ ಎತ್ತರದಲ್ಲಿದ್ದಾನೆ. ಪಕ್ಕಕ್ಕೆ ಸರಿದಿದ್ದರೆ ಕೆಳಗಿದ್ದಾನೆ. ಕಿವಿಯ ಅಂಚು ಕೆಂಪಗೆ ಹೊಳೆಯುತ್ತಿದ್ದರೆ ಬೆಳಕು ಸ್ವಲ್ಪ ಹಿಂದಿನಿಂದ ಬಂದು ಚರ್ಮದೊಳಗೆ ಹಾದಿದೆ ಅಂತ ಅರ್ಥ.

ನಮ್ಮ ಫೋಟೋದಲ್ಲಿ ಮೂಗಿನ ನೆರಳು ಫೋಟೋದ ಎಡಕ್ಕೆ ಹೆಚ್ಚುಕಡಿಮೆ ಅಡ್ಡಡ್ಡ ಬಿದ್ದಿತ್ತು. ಬಲಗಡೆಯ ಕಿವಿಯ ಅಂಚು ಕೆಂಪಾಗಿತ್ತು. ಬಲಭುಜದ ಮೇಲೆ ಹೊಂಬಣ್ಣದ ಗೆರೆ ಇತ್ತು. ಅಂದರೆ ಸೂರ್ಯ ಬಲ ಪಕ್ಕದಲ್ಲಿದ್ದಾನೆ, ಒಂಚೂರು ಹಿಂದಿದ್ದಾನೆ, ನೆಲಕ್ಕೆ ಹತ್ತಿರ ಇದ್ದಾನೆ. ಹಾಗಾಗಿ ಹಳದಿ ಬಾಣವನ್ನು ಬಲದಿಂದ ಎಡಕ್ಕೆ, ಸ್ವಲ್ಪವೇ ಕೆಳಕ್ಕೆ ವಾಲಿಸಿ ಎಳೆದೆ.

ನೀಲಿ ಬಾಣ: ಗಾಳಿ ಎಲ್ಲಿಂದ?

ಇದು ನಮ್ಮ ಕೈಯಲ್ಲಿದೆ, ಆದರೆ ಪೂರ್ತಿ ಇಲ್ಲ. ಫೋಟೋದಲ್ಲಿ ಗಾಳಿಗೆ ಸಾಕ್ಷಿ ಹೇಳುವ ಬೇರೆ ವಸ್ತುಗಳು ಇರುತ್ತವೆ. ದುಪಟ್ಟಾ, ಹುಲ್ಲು, ದೂರದ ಬಾವುಟ, ಗಿಡದ ಎಲೆ. ಕೂದಲು ಬಿರುಗಾಳಿಗೆ ಸಿಕ್ಕ ಹಾಗೆ ಹಾರುತ್ತಿದ್ದು ದುಪಟ್ಟಾ ಗೋಡೆಗೆ ತೂಗುಹಾಕಿದ ಹಾಗೆ ನೇತಾಡಿದರೆ, ನೋಡಿದವರಿಗೆ ಏನು ತಪ್ಪು ಅಂತ ಹೇಳಲು ಬರದಿದ್ದರೂ ಮನಸ್ಸಿಗೆ ಒಪ್ಪುವುದಿಲ್ಲ.

ನಮ್ಮ ಹುಡುಗಿ ಆಗಷ್ಟೇ ತಿರುಗಿ ನಿಂತಿದ್ದಳು. ದುಪಟ್ಟಾದ ತುದಿ ಎಡಕ್ಕೆ ಒಂದು ಗೇಣಿನಷ್ಟು ಎದ್ದಿತ್ತು. ಹಾಗಾಗಿ ಗಾಳಿ ಬಲದಿಂದ ಎಡಕ್ಕೆ ಅಂತ ತೀರ್ಮಾನವಾಯಿತು. ದುಪಟ್ಟಾ ಎದ್ದಿದ್ದು ಕಡಿಮೆ, ಆದ್ದರಿಂದ ಗಾಳಿಯೂ ಕಡಿಮೆ. ಮುಂಗುರುಳು, ಕಿವಿಯ ಮೇಲಿನ ಸಣ್ಣ ಕೂದಲು, ಹೊರ ಅಂಚಿನ ಕೆಲವು ಉದ್ದ ಎಳೆ ಇಷ್ಟೇ ಹಾರಬೇಕು. ಒಳಗಿನ ದಟ್ಟ ಕೂದಲು ಅಲುಗಬಾರದು.

ಕೂದಲನ್ನು ಯಾವುದು ಹಿಡಿದಿದೆ ಅನ್ನೋದನ್ನೂ ನೋಡಿಕೊಳ್ಳಿ. ಕ್ಲಿಪ್ ಹಾಕಿದ ಕಡೆ, ಮಲ್ಲಿಗೆ ದಂಡೆ ಮುಡಿದ ಕಡೆ, ಎಣ್ಣೆ ಹಚ್ಚಿ ಬಾಚಿದ ಬೈತಲೆಯ ಪಕ್ಕ ಎಳೆ ಏಳುವುದಿಲ್ಲ. ಹೂವಿನ ಮೇಲಿಂದ ಎಳೆ ಹಾರಿಸಿದವರ ಕೆಲಸ ನಾನು ಬೇಕಾದಷ್ಟು ನೋಡಿದ್ದೇನೆ. ಹೂವು ಹಿಡಿದಿರೋ ಕೂದಲು ಹೇಗೆ ಹಾರುತ್ತೆ, ಅಲ್ವಾ?

ಮೊದಲು ಗೊಂಚಲನ್ನು ಸ್ವಲ್ಪ ತಳ್ಳಿ

ನೇರವಾಗಿ ಎಳೆ ಬರೆಯಲು ಕೂತರೆ ಅವು ತಲೆಗೆ ಚುಚ್ಚಿದ ಕಡ್ಡಿಗಳ ಹಾಗೆ ಕಾಣುತ್ತವೆ. ಕೆಳಗಿನ ಕೂದಲಿನ ಅಂಚು ಕೂಡ ಅದೇ ದಿಕ್ಕಿಗೆ ಒಂಚೂರು ವಾಲಿರಬೇಕು. ಮೂಲ ಲೇಯರ್ ಅನ್ನು `Ctrl+J` ಒತ್ತಿ ನಕಲು ಮಾಡಿ, `Filter > Liquify` ತೆರೆಯಿರಿ. Freeze Mask ಟೂಲ್‌ನಿಂದ ಮುಖ, ಕಿವಿ, ಭುಜ ಬಣ್ಣ ಹಚ್ಚಿ ಭದ್ರ ಮಾಡಿ. ನಂತರ Forward Warp ಟೂಲ್ ತಗೊಂಡು ಬ್ರಷ್ ದೊಡ್ಡದು ಇಟ್ಟುಕೊಳ್ಳಿ. ನಮ್ಮದು 24 ಮೆಗಾಪಿಕ್ಸೆಲ್ ಫೋಟೋ, ಉದ್ದ 6000 ಪಿಕ್ಸೆಲ್. ಅದಕ್ಕೆ 500ರ ಬ್ರಷ್, Pressure 25 ಸಾಕಾಯಿತು. ಎಡಗಡೆ ಇಳಿಬಿದ್ದ ಗೊಂಚಲಿನ ಅಂಚನ್ನು ಮೂರು ನಾಲ್ಕು ಸಲ ಮೆಲ್ಲಗೆ ಹೊರಕ್ಕೆ ತಳ್ಳಿದೆ. ಒಟ್ಟು ಸರಿದಿದ್ದು 50-60 ಪಿಕ್ಸೆಲ್ ಅಷ್ಟೇ.

ಚಿಕ್ಕ ಬ್ರಷ್‌ನಿಂದ ತಳ್ಳಿದರೆ ಕೂದಲಿನಲ್ಲಿ ಗುಳ್ಳೆ ಏಳುತ್ತವೆ. ಇನ್ನೊಂದು ಅಪಾಯ ಹಿನ್ನೆಲೆಯದು. Liquify ಕೂದಲಿನ ಜೊತೆ ಅದರ ಹಿಂದಿರುವುದನ್ನೂ ಎಳೆದುಕೊಂಡು ಹೋಗುತ್ತದೆ. ಹಿಂದೆ ಬರೀ ಆಕಾಶ ಇದ್ದರೆ ಚಿಂತೆ ಇಲ್ಲ. ಕಮಾನಿನ ಅಂಚು, ಕಂಬ, ಕಲ್ಲಿನ ಸಾಲು ಇದ್ದರೆ ಅದು ಸೊಟ್ಟಗಾಗಿ ಕಳ್ಳತನ ಹೊರಬೀಳುತ್ತದೆ. ನನ್ನ ಫೋಟೋದಲ್ಲಿ ಮುರಿದ ಗುಮ್ಮಟದ ಅಂಚು ಕೂದಲಿನ ಹಿಂದೆಯೇ ಹಾದು ಹೋಗುತ್ತಿತ್ತು. ಅಲ್ಲಿ ಸರಿದ ಲೇಯರ್‌ಗೆ ಮಾಸ್ಕ್ ಹಾಕಿ, ಗುಮ್ಮಟದ ಅಂಚಿನ ಮೇಲೆ ಕಪ್ಪು ಹಚ್ಚಿ ಹಳೆಯ ಕಲ್ಲನ್ನೇ ವಾಪಸ್ ತಂದೆ.

ಎಳೆ ಎಷ್ಟು ದಪ್ಪ ಇರಬೇಕು?

ಇದನ್ನು ಒಂದು ಸಲ ಲೆಕ್ಕ ಹಾಕಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಸೊಂಟದವರೆಗಿನ ಫೋಟೋದಲ್ಲಿ ಸುಮಾರು ಒಂದೂವರೆ ಮೀಟರ್ ಎತ್ತರದ ಜಾಗ 6000 ಪಿಕ್ಸೆಲ್‌ನಲ್ಲಿ ಕೂತಿದೆ. ಅಂದರೆ ಒಂದು ಮಿಲಿಮೀಟರ್‌ಗೆ 4 ಪಿಕ್ಸೆಲ್. ತಲೆಗೂದಲಿನ ದಪ್ಪ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಒಂಟಿ ಕೂದಲಿಗೆ ಅರ್ಧ ಪಿಕ್ಸೆಲ್ ಕೂಡ ಸಿಗುವುದಿಲ್ಲ. ನಿಜವಾದ ಫೋಟೋದಲ್ಲಿ ಅಂಥ ಕೂದಲು ಗೆರೆಯಾಗಿ ಅಲ್ಲ, ಮಸುಕು ಛಾಯೆಯಾಗಿ ಕಾಣುತ್ತದೆ. ನಾವು ಬರೆಯುವ 3-4 ಪಿಕ್ಸೆಲ್‌ನ ಎಳೆ ಅಂದರೆ ಹತ್ತಾರು ಕೂದಲು ಅಂಟಿಕೊಂಡ ಒಂದು ಜೊಂಪೆ. ಅದಕ್ಕೇ ಅಂಥವು ಕೆಲವೇ ಇರಬೇಕು. ಉಳಿದವು 1-2 ಪಿಕ್ಸೆಲ್, ಅದೂ Opacity 40-50ರಲ್ಲಿ ಇರಬೇಕು. 8 ಪಿಕ್ಸೆಲ್ ಹಾಕಿದರೆ ಹಗ್ಗ.

ಬರೀ ಮುಖ ತುಂಬಿದ ಕ್ಲೋಸಪ್ ಆದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಒಂಟಿ ಕೂದಲಿಗೇ ಒಂದು ಪಿಕ್ಸೆಲ್ ಸಿಗುತ್ತದೆ.

ಬ್ರಷ್ ಮತ್ತು ದಾರಿ

`F5` ಒತ್ತಿ Brush Settings ತೆರೆಯಿರಿ. ಗುಂಡು ಬ್ರಷ್, ಸೈಜ್ 4, Hardness 80ರ ಆಸುಪಾಸು, Spacing 10ರ ಒಳಗೆ ಇಡಿ. Shape Dynamics ಒಳಗೆ Size Jitter ಕೆಳಗಿನ Control ಅನ್ನು Fade ಮಾಡಿ, Minimum Diameter 0 ಇಡಿ. ಈಗ ಎಳೆ ಬುಡದಲ್ಲಿ ದಪ್ಪ ಶುರುವಾಗಿ ತುದಿಗೆ ಸಣ್ಣಗಾಗುತ್ತದೆ. Fade ಪಕ್ಕದ ಸಂಖ್ಯೆಯೇ ಎಳೆಯ ಉದ್ದ. ಅದನ್ನು ಖಾಲಿ ಲೇಯರ್‌ನಲ್ಲಿ ಒಂದೆರಡು ಸಲ ಬರೆದು ನೋಡಿಯೇ ಹೊಂದಿಸಬೇಕು. ತುದಿ ಮುಟ್ಟುವ ಮೊದಲೇ ಎಳೆ ಮಾಯವಾದರೆ ಸಂಖ್ಯೆ ಹೆಚ್ಚಿಸಿ. ತುದಿಯಲ್ಲೂ ದಪ್ಪವಾಗಿ ಕತ್ತರಿಸಿದ ಹಾಗಿದ್ದರೆ ಇಳಿಸಿ.

ಇನ್ನು ಪೆನ್ ಟೂಲ್. ಪ್ರತಿ ಎಳೆಗೂ ಮೂರು ಬಿಂದು ಸಾಕು. ಮೊದಲ ಬಿಂದು ಅಂಚಿನಲ್ಲಿ ಬೇಡ, ಕೂದಲಿನ 100-150 ಪಿಕ್ಸೆಲ್ ಒಳಗೆ ಇಡಿ. ಎಳೆ ಎಲ್ಲಿ ಹುಟ್ಟಿತು ಅಂತ ಯಾರಿಗೂ ಗೊತ್ತಾಗಬಾರದು. ಅಲ್ಲಿಂದ ಶುರುವಿನ ಸ್ವಲ್ಪ ದೂರ ಅದು ಕೆಳಗಿನ ಕೂದಲಿನ ದಿಕ್ಕಿನಲ್ಲೇ ಹೋಗಲಿ, ಆಮೇಲೆ ಮೇಲೆದ್ದು ಗಾಳಿ ಹೋಗುವ ಕಡೆ ಬಾಗಲಿ. ಕೊನೆಯಲ್ಲಿ ತುದಿ ತನ್ನ ಭಾರಕ್ಕೆ ಒಂಚೂರು ಕೆಳಕ್ಕೆ ಇಳಿಯಲಿ. ನೀಲಿ ಬಾಣದ ಗುಂಟ ನೇರ ಗೆರೆ ಎಳೆದರೆ ಅದು ಕೂದಲಲ್ಲ, ತಂತಿ.

ಬುಡದಿಂದ ತುದಿಗೆ ಎಳೆದ ದಾರಿಯೇ ಆಗಬೇಕು, ನೆನಪಿಡಿ. ತುದಿಯಿಂದ ಬುಡಕ್ಕೆ ಎಳೆದರೆ Fade ತಿರುಗಾಮುರುಗಾ ಆಗಿ ಗಾಳಿಯಲ್ಲಿ ದಪ್ಪ ತುದಿ ತೇಲುತ್ತದೆ. ದಾರಿ ಸಿದ್ಧವಾದ ಮೇಲೆ ಹೊಸ ಲೇಯರ್ ಹಾಕಿ. ಬ್ರಷ್ ಟೂಲ್ ಕೈಯಲ್ಲಿ ಇರುವಾಗಲೇ Paths ಫಲಕದಲ್ಲಿ ಆ ದಾರಿಯ ಮೇಲೆ ಬಲ ಕ್ಲಿಕ್ ಮಾಡಿ, Stroke Path ಆರಿಸಿ. Simulate Pressure ಟಿಕ್ ತೆಗೆದಿರಲಿ. ಅದು Pen Pressure ಇಟ್ಟುಕೊಂಡವರಿಗೆ, ಮತ್ತು ಅದು ಎರಡೂ ತುದಿ ಸಣ್ಣ ಮಾಡುತ್ತದೆ.

ಎಳೆಗಳು ಒಂದೊಂದಾಗಿ ಸಮ ಅಂತರದಲ್ಲಿ ಹುಟ್ಟಿದರೆ ಬಾಚಣಿಕೆಯ ಹಲ್ಲಿನ ಹಾಗೆ ಕಾಣುತ್ತದೆ. ಗಾಳಿ ಕೂದಲನ್ನು ಗುಂಪು ಗುಂಪಾಗಿ ಎತ್ತುತ್ತದೆ. ನಾನು ಮೂರು ಜಾಗ ಆರಿಸಿಕೊಂಡೆ: ನೆತ್ತಿಯ ಎಡ ಭಾಗ, ಎಡ ಕಿವಿಯ ಮೇಲೆ, ಭುಜದ ಹತ್ತಿರ ಗೊಂಚಲಿನ ಹೊರ ಅಂಚು. ಪ್ರತಿ ಜಾಗದಿಂದ ನಾಲ್ಕೈದು ಎಳೆ ಹೊರಟವು. ಅವು ಹತ್ತಿರ ಹತ್ತಿರ ಹುಟ್ಟಿ, ಎಲ್ಲೋ ಒಂದು ಕಡೆ ಒಂದನ್ನೊಂದು ದಾಟಿ, ಬೇರೆ ಬೇರೆ ಉದ್ದಕ್ಕೆ ಮುಗಿದವು. ಒಟ್ಟು 14 ಮುಖ್ಯ ಎಳೆ. ಹಣೆಯ ಮೇಲೆ ಮುಂಗುರುಳಿನ ಐದಾರು ನವುರು ಎಳೆ ಬೇರೆ. ಒಂದೇ ಒಂದು ಎಳೆಯನ್ನು ಬೇಕಂತಲೇ ಗಾಳಿಗೆ ಎದುರಾಗಿ ಸುರುಳಿ ಸುತ್ತಿಸಿದೆ. ಅಂಥ ಒಂದು ಹಟಮಾರಿ ಕೂದಲು ಎಲ್ಲರ ತಲೆಯಲ್ಲೂ ಇರುತ್ತದೆ.

ರೆಡಿಮೇಡ್ ಹೇರ್ ಬ್ರಷ್‌ಗಳು ಸಿಗುತ್ತವಲ್ಲ, ಅವನ್ನು ಒತ್ತಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಅದರಲ್ಲಿ ಮೂವತ್ತು ಎಳೆ ಒಟ್ಟಿಗೆ ಬರುತ್ತವೆ, ಎರಡು ಸಲ ಒತ್ತಿದರೆ ಅದೇ ಆಕಾರ ಎರಡು ಸಲ. ಮುಖ್ಯವಾಗಿ, ಒಂದೊಂದು ಎಳೆಗೆ ಬೇರೆ ಬೆಳಕು ಹಚ್ಚಲು ಆಗುವುದಿಲ್ಲ.

ಬೆಳಕು ಹಚ್ಚುವುದು

ಈಗ ನಿಜವಾದ ಕೆಲಸ. ಇಲ್ಲಿವರೆಗೆ ಎಳೆಗಳೆಲ್ಲ ಒಂದೇ ಗಾಢ ಬಣ್ಣದಲ್ಲಿವೆ. ಆ ಬಣ್ಣವೂ ಅಚ್ಚ ಕಪ್ಪು ಬೇಡ. ನೆರಳಿನಲ್ಲಿರುವ ಕೂದಲಿನಿಂದ ಐಡ್ರಾಪರ್‌ನಲ್ಲಿ ಎತ್ತಿಕೊಳ್ಳಿ, Sample Size ಅನ್ನು 3 by 3 Average ಇಟ್ಟು. ನನಗೆ ಸಿಕ್ಕಿದ್ದು ಹೀಗಿತ್ತು:

```
ನೆರಳಿನ ಕೂದಲು      R 38   G 27   B 23
ಆಕಾಶ ಬಿದ್ದ ಕೂದಲು   R 56   G 55   B 60
ಬಿಸಿಲು ಬಿದ್ದ ಅಂಚು   R 172  G 118  B 74
```

ಮೂರನೆಯದನ್ನು ನೋಡಿ. ನಮ್ಮ ಕಡೆಯವರ ಕೂದಲು ಕಪ್ಪು ಅಂತ ಅಂದುಕೊಳ್ಳುತ್ತೇವೆ. ಸಂಜೆ ಬಿಸಿಲು ಹಿಂದಿನಿಂದ ತೂರಿ ಬಂದಾಗ ಅದೇ ಕೂದಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಆಗುವುದಿಲ್ಲ, ಹಳದಿಯೂ ಆಗುವುದಿಲ್ಲ. ನಾನು ಹಿಂದೆ ತಿಳಿ ಹಳದಿ ಹಚ್ಚಿದ್ದಕ್ಕೇ ನೆರೆಗೂದಲಿನ ಮಾತು ಬಂದಿದ್ದು. ಇದು ನಿಮ್ಮ ಫೋಟೋದಿಂದಲೇ ಎತ್ತಬೇಕಾದ ಬಣ್ಣ. ನನ್ನ ಸಂಖ್ಯೆ ನಿಮಗೆ ಹೊಂದುವುದಿಲ್ಲ.

ಇನ್ನು ಆ ತಾಮ್ರವನ್ನು ಎಳೆಯ ಯಾವ ಭಾಗಕ್ಕೆ ಹಚ್ಚಬೇಕು? ಒಂದು ಸ್ಟೀಲ್ ಹೆಣಿಗೆ ಕಡ್ಡಿಯನ್ನೋ ಹೊಳೆಯುವ ತಂತಿಯನ್ನೋ ಕೈಯಲ್ಲಿ ಹಿಡಿದು, ಪಕ್ಕದ ಕಿಟಕಿಯ ಬೆಳಕಿನಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ತಂತಿ ಬೆಳಕು ಬರುವ ದಿಕ್ಕಿಗೆ ಅಡ್ಡ ನಿಂತಾಗ ಉದ್ದಕ್ಕೂ ಮಿಂಚುತ್ತದೆ. ತಂತಿಯ ತುದಿಯನ್ನು ಕಿಟಕಿಯ ಕಡೆಗೇ ತೋರಿಸಿದರೆ ಹೊಳಪು ಇಳಿದು ಕಪ್ಪಾಗುತ್ತದೆ. ಕೂದಲೂ ಒಂದು ಸಣ್ಣ ದುಂಡು ಕಡ್ಡಿಯೇ. ಅದಕ್ಕೂ ಇದೇ ನಿಯಮ. ಹಳದಿ ಬಾಣಕ್ಕೆ ಅಡ್ಡ ಹಾಯುವ ಭಾಗ ಹೊಳೆಯುತ್ತದೆ, ಬಾಣದ ಗುಂಟ ಓಡುವ ಭಾಗ ಕಪ್ಪಾಗಿಯೇ ಉಳಿಯುತ್ತದೆ.

ನಮ್ಮ ಫೋಟೋಗೆ ಇದನ್ನು ಹಚ್ಚಿ ನೋಡೋಣ. ಬಿಸಿಲು ಬಲದಿಂದ ಎಡಕ್ಕೆ, ಗಾಳಿಯೂ ಬಲದಿಂದ ಎಡಕ್ಕೆ. ಹಾಗಾದರೆ ಎಡಕ್ಕೆ ಚಾಚಿದ ಎಳೆಯ ನಡುಭಾಗ ಬಿಸಿಲಿನ ಗುಂಟವೇ ಓಡುತ್ತಿದೆ. ಅಲ್ಲಿ ಹೊಳಪು ಇರಬಾರದು. ಹೊಳೆಯಬೇಕಾದ್ದು ಎರಡೇ ಕಡೆ. ಎಳೆ ನೆತ್ತಿಯಿಂದ ಮೇಲೆದ್ದು ಕಮಾನು ಹೊಡೆಯುವ ಜಾಗ ಒಂದು, ತುದಿ ಕೆಳಕ್ಕೆ ಬಾಗುವ ಜಾಗ ಇನ್ನೊಂದು. ಎರಡೂ ಬಾಣಕ್ಕೆ ಅಡ್ಡ ಇವೆ. ಬುಡದಿಂದ ತುದಿವರೆಗೆ ಹಳದಿ ಹಚ್ಚಿದ ನನ್ನ ಹಳೆಯ ಕೆಲಸ ಎಲ್ಲಿ ಹಳಿ ತಪ್ಪಿತ್ತು ಅಂತ ಈಗ ಗೊತ್ತಾಯಿತಲ್ಲ.

ಸೂರ್ಯ ಸರಿಯಾಗಿ ತಲೆಯ ಹಿಂದೆಯೇ ಇದ್ದರೆ ಮಾತ್ರ ಬೇರೆ. ಆಗ ಬಾಣ ಕ್ಯಾಮೆರಾ ಕಡೆಗೇ ಬರುತ್ತದೆ, ಎತ್ತ ಹಾರಿದರೂ ಎಳೆ ಅದಕ್ಕೆ ಅಡ್ಡವೇ. ಹಾಗಾಗಿ ಎಲ್ಲಾ ಎಳೆಯೂ ಉದ್ದಕ್ಕೂ ಬೆಳಗುತ್ತದೆ. ತಲೆಯ ಸುತ್ತ ಪ್ರಭಾವಳಿ ಕಾಣುವುದು ಅಂಥ ಫೋಟೋಗಳಲ್ಲೇ.

ಹಚ್ಚುವ ಬಗೆ ಸುಲಭ. ಎಳೆಯ ಲೇಯರ್ ಆರಿಸಿ, ಲೇಯರ್ ಫಲಕದ ಮೇಲಿರುವ Lock transparent pixels ಒತ್ತಿ. ಈಗ ಬ್ರಷ್ ಎಳೆಯ ಮೇಲೆ ಮಾತ್ರ ಹತ್ತುತ್ತದೆ, ಹೊರಗೆ ಚೆಲ್ಲುವುದಿಲ್ಲ. 60-80 ಪಿಕ್ಸೆಲ್‌ನ ಮೆತ್ತನೆ ಬ್ರಷ್, Opacity 30. ತಾಮ್ರದ ಬಣ್ಣವನ್ನು ಕಮಾನಿನ ಮೇಲೆ ಎರಡು ಮೂರು ಸಲ, ತುದಿಯ ಬಾಗಿಗೆ ಒಂದು ಸಲ ಮುಟ್ಟಿಸಿ. ಹೊಳಪು ನಡುವೆ ಗಟ್ಟಿಯಾಗಿ, ಆಚೆ ಈಚೆ ಕರಗಬೇಕು. ಆಕಾಶದ ಕಡೆ ಮುಖ ಮಾಡಿದ ಮೇಲ್ಭಾಗಕ್ಕೆ ಎರಡನೆಯ ಬೂದು ಬಣ್ಣ ಒಂಚೂರು ಕೊಟ್ಟರೆ ನೆರಳೂ ಸತ್ತ ಹಾಗೆ ಕಾಣುವುದಿಲ್ಲ.

ಎರಡು ಕಡೆ ಕೈ ತಡೆಯಬೇಕು. ಒಂದು, ತಲೆಯ ನೆರಳು. ಬಿಸಿಲು ಬಲಗಡೆ, ಎಳೆ ಎಡಗಡೆ, ನಡುವೆ ತಲೆ ಇದೆ! ಎಡ ಕಿವಿಯ ಪಕ್ಕದಿಂದ ಹೊರಟ ಎಳೆಗಳಿಗೆ ಶುರುವಿನಲ್ಲಿ ಬಿಸಿಲೇ ತಗಲುವುದಿಲ್ಲ. ಅವು ತಲೆಯ ಮರೆಯಿಂದ ಮೇಲೆದ್ದೋ ಹಿಂದೆ ಸರಿದೋ ಬಿಸಿಲಿಗೆ ಬಂದ ಮೇಲೆ ಮಾತ್ರ ಹೊಳೆಯಬೇಕು. ನನ್ನ ಫೋಟೋದಲ್ಲಿ ಕಿವಿಯ ಗುಂಪಿನ ಐದು ಎಳೆಗಳಲ್ಲಿ ಮೂರಕ್ಕೆ ತಾಮ್ರ ಮುಟ್ಟಿಸಲೇ ಇಲ್ಲ. ನೆತ್ತಿಯ ಗುಂಪಿಗೆ ಧಾರಾಳವಾಗಿ ಕೊಟ್ಟೆ.

ಎರಡು, ಹಿನ್ನೆಲೆ. ಒಂದೇ ಎಳೆ ಗುಮ್ಮಟದ ಕತ್ತಲಿನ ಮುಂದೆ ಶುರುವಾಗಿ ಆಕಾಶದ ಮುಂದೆ ಮುಗಿಯುತ್ತಿತ್ತು. ಕತ್ತಲಿನ ಮುಂದೆ ತಾಮ್ರ ಎದ್ದು ಕಾಣುತ್ತದೆ. ಆಕಾಶ ತಾಮ್ರಕ್ಕಿಂತ ತಿಳಿ, ಹಾಗಾಗಿ ಅಲ್ಲಿ ಅದೇ ಎಳೆ ಗಾಢ ಗೆರೆಯಾಗಿಯೇ ಕಾಣಬೇಕು. ಆಕಾಶದ ಮುಂದೆಯೂ ಬೆಳಗಲಿ ಅಂತ ಕೆಲವರು ಎಳೆಯ ಲೇಯರ್ ಅನ್ನು Screen ಮಾಡುತ್ತಾರೆ. Screen ತಿಳಿಯಾಗಿಸುತ್ತದೆ ಅಷ್ಟೇ, ಗಾಢ ಮಾಡಲು ಅದಕ್ಕೆ ಬರುವುದಿಲ್ಲ. ಹೀಗಾಗಿ ಆಕಾಶದ ಮುಂದೆ ಎಳೆ ಅರ್ಧಕ್ಕೇ ಕಾಣೆಯಾಗುತ್ತದೆ. Normal ಇಡಿ.

ಕೆನ್ನೆಯ ಮೇಲಿನ ಎಳೆ

ಬಲಗಡೆಯ ಮುಂಗುರುಳೊಂದು ಗಾಳಿಗೆ ಹಣೆ ದಾಟಿ ಕೆನ್ನೆಯ ಮೇಲೆ ಬಂದಿತ್ತು, ಅಂದರೆ ನಾನೇ ತಂದಿದ್ದೆ. ಬಿಸಿಲು ಬಿದ್ದ ಚರ್ಮದ ಮೇಲೆ ಕೂದಲು ಹಾದರೆ ಅದರ ನೆರಳೂ ಬೀಳಬೇಕು. ಎಳೆಯ ಲೇಯರ್ ನಕಲು ಮಾಡಿ ಕೆಳಗಿಡಿ. ಮೂಗಿನ ನೆರಳಿನ ಬಣ್ಣ ಎತ್ತಿ ಅದಕ್ಕೆ ತುಂಬಿ, Multiply ಮಾಡಿ. ಹಳದಿ ಬಾಣ ಹೋಗುವ ಕಡೆಗೆ, ಅಂದರೆ ಎಡಕ್ಕೆ ಮತ್ತು ಒಂಚೂರು ಕೆಳಕ್ಕೆ ಸರಿಸಿ. ಎಳೆ ಚರ್ಮಕ್ಕೆ ತಾಗಿದ ಕಡೆ 3-4 ಪಿಕ್ಸೆಲ್ ಸಾಕು. ಚರ್ಮದಿಂದ ಎದ್ದ ಕಡೆ ಹೆಚ್ಚು ದೂರ ಸರಿಯಬೇಕು, ಅಲ್ಲಿ ನೆರಳು ಹೆಚ್ಚು ಮಸುಕೂ ಆಗಬೇಕು. ಈ ನಕಲಿನ Lock transparent pixels ಬಿಡಿಸಿ, Gaussian Blur 2, Opacity 25ರಿಂದ ಶುರು ಮಾಡಿ ನೋಡಿ. ನೆರಳು ಎಳೆಯಷ್ಟೇ ಗಾಢ ಕಂಡರೆ ಎರಡು ಕೂದಲು ಬಂದ ಹಾಗಾಗುತ್ತದೆ.

ಕಣ್ಣಿನ ಮೇಲೆ ಎಳೆ ಹಾಯಿಸಬೇಡಿ. ತಾಂತ್ರಿಕ ಕಾರಣ ಏನಿಲ್ಲ, ಯಾರೂ ಇಷ್ಟಪಡುವುದಿಲ್ಲ.

ಕ್ಯಾಮೆರಾ ಕಂಡ ಹಾಗೆ ಮಾಡುವುದು

ನಾವು ಬರೆದ ಎಳೆ ಫೋಟೋಗಿಂತ ಯಾವಾಗಲೂ ಚೂಪು ಇರುತ್ತದೆ. ಮೊದಲು ಫೋಟೋದ ಶಟರ್ ಸ್ಪೀಡ್ ನೋಡಿ, `File > File Info` ಒಳಗೆ ಸಿಗುತ್ತದೆ. ನಮ್ಮದು 1/500 ಸೆಕೆಂಡ್. ಹಾರುವ ಕೂದಲಿನ ತುದಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಅಲುಗುತ್ತಿದೆ ಅಂತ ಇಟ್ಟುಕೊಂಡರೆ ಅಷ್ಟರಲ್ಲಿ 2 ಮಿಲಿಮೀಟರ್ ಸರಿಯುತ್ತದೆ. ಮಿಲಿಮೀಟರ್‌ಗೆ 4 ಪಿಕ್ಸೆಲ್ ಲೆಕ್ಕದಲ್ಲಿ ತುದಿ 8 ಪಿಕ್ಸೆಲ್ ಮಸುಕಾಗಬೇಕು. ಬುಡ ತಲೆಗೆ ಅಂಟಿದೆ, ಅದು ಸರಿಯುವುದಿಲ್ಲ. 1/125ರಲ್ಲಿ ತೆಗೆದಿದ್ದರೆ ಇದೇ ತುದಿ 32 ಪಿಕ್ಸೆಲ್ ಹರಡುತ್ತಿತ್ತು, ಬರೀ ಹೊಗೆಯ ಹಾಗೆ.

ಇದಕ್ಕೆ ಎಳೆಗಳನ್ನೆಲ್ಲ ಒಂದು ನಕಲಿನಲ್ಲಿ ಸೇರಿಸಿ, ಮೊದಲು ಒತ್ತಿದ್ದ Lock transparent pixels ಬಿಡಿಸಿ (ಬಿಡಿಸದಿದ್ದರೆ ಮಸುಕು ಎಳೆಯ ಹೊರಗೆ ಹರಡುವುದಿಲ್ಲ), `Filter > Blur > Motion Blur` ಕೊಡಿ. Distance 8. Angle ಎಳೆಯ ಗುಂಟ ಬೇಡ, ಅದಕ್ಕೆ ಅಡ್ಡ ಇರಲಿ, ಯಾಕಂದರೆ ತುದಿ ಮೇಲೆ ಕೆಳಗೆ ಬಡಿಯುತ್ತದೆ. ನಂತರ ಮಾಸ್ಕ್ ಹಾಕಿ ಬುಡದ ಕಡೆ ಚೂಪು ಲೇಯರ್, ತುದಿಯ ಕಡೆ ಮಸುಕು ಲೇಯರ್ ಕಾಣುವ ಹಾಗೆ ಮಾಡಿ. ತಲೆಯ ಹಿಂದಕ್ಕೆ ಹಾರಿದ ಎರಡು ಎಳೆಗೆ Gaussian Blur 1.5 ಬೇರೆ ಕೊಟ್ಟೆ, ಅಲ್ಲಿ ಫೋಕಸ್ ಇರಲಿಲ್ಲ.

ಕೊನೆಗೆ ಕಾಳು. ಫೋಟೋವನ್ನು 200% ಹಿಗ್ಗಿಸಿ ಆಕಾಶ ನೋಡಿ, ಸಣ್ಣ ಕಾಳುಕಾಳು ಕಾಣುತ್ತದೆ. ಎಳೆಯ ಮೇಲೆ ಅದಿಲ್ಲದಿದ್ದರೆ ಪ್ಲಾಸ್ಟಿಕ್. Add Noise ಒಂದೆರಡು ಶೇಕಡಾ, Monochromatic ಟಿಕ್ ಮಾಡಿ. ಕಾಳು ಕೊಡುವುದು ಮಸುಕು ಮಾಡಿದ ಮೇಲೆ. ಮೊದಲೇ ಕೊಟ್ಟರೆ ಕಾಳೂ ಮಸುಕಾಗುತ್ತದೆ.

ಪ್ರಿಂಟಿಗೆ ಕೊಡುವ ಮುಂಚೆ

ಎರಡು ಬಾಣದ ಲೇಯರ್ ಆನ್ ಮಾಡಿ, ಎಳೆ ಎಳೆಯಾಗಿ ಕೇಳಿಕೊಳ್ಳಿ: ಇದು ಹೊಳೆಯುವ ಜಾಗದಲ್ಲಿ ಹಳದಿ ಬಾಣಕ್ಕೆ ಅಡ್ಡ ಇದೆಯಾ? ಆಮೇಲೆ `Image > Image Rotation > Flip Canvas Horizontal` ಮಾಡಿ ಒಂದು ನಿಮಿಷ ಬಿಟ್ಟು ನೋಡಿ. ಗಂಟೆಗಟ್ಟಲೆ ನೋಡಿ ಮರಗಟ್ಟಿದ ಕಣ್ಣಿಗೆ ತಿರುಗಿಸಿದ ಫೋಟೋ ಹೊಸದಾಗಿ ಕಾಣುತ್ತದೆ, ತಪ್ಪಿದ ಎಳೆ ತಾನೇ ಎದ್ದು ಬರುತ್ತದೆ.

ಇನ್ನೊಂದು, 100% ನೋಡಿ ನಿರ್ಧಾರ ಮಾಡಬೇಡಿ. ನಮ್ಮ ಆಲ್ಬಮ್ ಹಾಳೆ 12 ಇಂಚು ಎತ್ತರ, 300 ಡಿಪಿಐ ಅಂದರೆ 3600 ಪಿಕ್ಸೆಲ್. 6000 ಪಿಕ್ಸೆಲ್ ಫೋಟೋ ಅದರಲ್ಲಿ 60%ಗೆ ಇಳಿಯುತ್ತದೆ. 3 ಪಿಕ್ಸೆಲ್‌ನ ಎಳೆ 2ಕ್ಕಿಂತ ಕಡಿಮೆ ಆಗುತ್ತದೆ, 1 ಪಿಕ್ಸೆಲ್‌ನ ನವುರು ಎಳೆ ಹೆಚ್ಚುಕಡಿಮೆ ಕಾಣೆಯಾಗುತ್ತದೆ. ಅದೇ ಅಳತೆಗೆ ಇಳಿಸಿದ ನಕಲು ಮಾಡಿ ಒಂದು 4x6 ತುಂಡು ಪ್ರಿಂಟ್ ತೆಗೆಸಿ ನೋಡಿ.

ನಾನು ತೆಗೆಸಿದ ತುಂಡಿನಲ್ಲಿ ನೆತ್ತಿಯ ಗುಂಪಿನ ಒಂದು ಎಳೆ ಗುಮ್ಮಟದ ಒಡೆದ ಅಂಚಿನ ಮೇಲೇ ಹಾದು, ಕಲ್ಲಿನ ಬಿರುಕಿನ ಹಾಗೆ ಕಾಣುತ್ತಿತ್ತು. ಅದನ್ನು ಅಳಿಸಿದೆ. ಉಳಿದ 13 ಎಳೆ ಹಾಗೇ ಹೋದವು. ಆಲ್ಬಮ್ ಬಿಚ್ಚಿದಾಗ ಆ ಹುಡುಗಿ ಕೂದಲಿನ ಬಗ್ಗೆ ಏನೂ ಹೇಳಲಿಲ್ಲ, ದುಪಟ್ಟಾ ಸ್ವಲ್ಪ ಸುಕ್ಕಾಗಿದೆ ಅಂದಳು.